ಎರಡು ಬಾಣಗಳು ಸೇರುವ ಸ್ಥಾನ: ಸರಣಿಯಲ್ಲಿ ಮರುಕಳಿಸಿದ ಸಂಖ್ಯೆಯನ್ನು ಚಕ್ರದ ಮೂಲಕ ಕಂಡುಹಿಡಿಯುವ ಬಗೆ

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಒಂದರ ಪಕ್ಕದಲ್ಲೊಂದು ಸಾಲಾಗಿ ಇರಿಸಿದ, ಪ್ರತಿಯೊಂದಕ್ಕೂ ತನ್ನದೇ ಸ್ಥಾನಸಂಖ್ಯೆ ಇರುವ ಮೌಲ್ಯಗಳ ಗುಂಪನ್ನು ಸರಣಿ ಅಥವಾ ಅರೇ ಎಂದು ಕರೆಯುತ್ತಾರೆ. ಇಂಥ ಒಂದು ಸರಣಿಯಲ್ಲಿ n + 1 ಪೂರ್ಣಾಂಕಗಳಿದ್ದು, ಅವೆಲ್ಲವೂ 1ರಿಂದ nರವರೆಗಿನ ವ್ಯಾಪ್ತಿಯೊಳಗೇ ಇದ್ದರೆ, ಅವುಗಳಲ್ಲಿ ಒಂದಾದರೂ ಎರಡು ಅಥವಾ ಹೆಚ್ಚು ಬಾರಿ ಬಂದಿರಲೇಬೇಕು. ಬೇರೆ ಬೇರೆ ಸಂಖ್ಯೆಗಳು ಸಿಗುವುದೇ n ಮಾತ್ರವಾಗಿದ್ದು, ತುಂಬಬೇಕಾದ ಸ್ಥಾನಗಳು ಅದಕ್ಕಿಂತ ಒಂದು ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಗಣಿತದಲ್ಲಿ ಪಾರಿವಾಳದ ಗೂಡಿನ ತತ್ವವೆಂದು ಪ್ರಸಿದ್ಧವಾದ ಈ ವಾದವು ಮರುಕಳಿಸಿದ ಸಂಖ್ಯೆಯೊಂದು ಇದೆಯೆಂದು ಖಚಿತಪಡಿಸುತ್ತದೆಯೇ ಹೊರತು ಅದು ಯಾವುದು, ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಕಂಡುಹಿಡಿಯುವ ಅನೇಕ ಮಾರ್ಗಗಳಲ್ಲಿ, ಸರಣಿಯನ್ನು ಕಿಂಚಿತ್ತೂ ಬದಲಿಸದೆ, ಎರಡು ಸಂಖ್ಯೆಗಳನ್ನು ಹಿಡಿಯುವಷ್ಟು ಹೆಚ್ಚುವರಿ ಸ್ಮೃತಿಯಲ್ಲಿಯೇ ಕೆಲಸ ಮುಗಿಸುವ ಮಾರ್ಗವೆಂದರೆ ಚಕ್ರವನ್ನು ಪತ್ತೆಹಚ್ಚುವ ವಿಧಾನ.

ಇತರ ಮಾರ್ಗಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನು ಮೊದಲು ಗಮನಿಸಿದರೆ ಈ ವಿಧಾನದ ಅಗತ್ಯ ಸ್ಪಷ್ಟವಾಗುತ್ತದೆ. ಸರಣಿಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಸಮಾನ ಸಂಖ್ಯೆಗಳು ಅಕ್ಕಪಕ್ಕಕ್ಕೆ ಬರುತ್ತವೆ, ಆದರೆ ಮೂಲ ಕ್ರಮ ಅಳಿದುಹೋಗುತ್ತದೆ, ಇಲ್ಲವೇ ಇಡೀ ಸರಣಿಯ ನಕಲೊಂದನ್ನು ಮಾಡಿಕೊಳ್ಳಬೇಕಾಗುತ್ತದೆ. ಕಂಡ ಸಂಖ್ಯೆಗಳನ್ನೆಲ್ಲ ಬೇರೊಂದೆಡೆ ಗುರುತು ಹಾಕಿಕೊಳ್ಳುತ್ತ ಹೋದರೆ ಒಂದೇ ಓದಿನಲ್ಲಿ ಉತ್ತರ ಸಿಗುತ್ತದೆ, ಆದರೆ ಆ ಗುರುತುಗಳಿಗೆ ಬೇಕಾದ ಸ್ಮೃತಿ nನೊಂದಿಗೆ ಬೆಳೆಯುತ್ತದೆ. ಎಲ್ಲ ಮೌಲ್ಯಗಳನ್ನು ಕೂಡಿ, ಅದರಿಂದ 1ರಿಂದ nರವರೆಗಿನ ಮೊತ್ತವನ್ನು ಕಳೆಯುವ ಉಪಾಯವು ಸುಲಭವೆನಿಸಿದರೂ, ಒಂದೇ ಸಂಖ್ಯೆ ಸರಿಯಾಗಿ ಎರಡೇ ಬಾರಿ ಬಂದು ಉಳಿದವೆಲ್ಲ ಒಂದೊಂದು ಬಾರಿ ಇದ್ದಾಗ ಮಾತ್ರ ಅದನ್ನು ನಂಬಬಹುದು. ಒಂದು ಸಂಖ್ಯೆ ಮೂರು ಬಾರಿ ಬಂದು ಮತ್ತೊಂದು ಸಂಖ್ಯೆ ಇಲ್ಲವಾದರೆ ಆ ಲೆಕ್ಕ ಅರ್ಥಹೀನ ಉತ್ತರ ಕೊಡುತ್ತದೆ. ಈ ಕಾರಣಕ್ಕಾಗಿಯೇ ಮುಂದಿನ ಉದಾಹರಣೆಯಲ್ಲಿ 2 ಎಂಬ ಸಂಖ್ಯೆಯನ್ನು ಮೂರು ಬಾರಿ ಇರಿಸಿ, 7ನ್ನು ಕೈಬಿಡಲಾಗಿದೆ. ಇಲ್ಲಿ n = 7, ಸ್ಥಾನಗಳು 0ಯಿಂದ 7ರವರೆಗೆ ಒಟ್ಟು ಎಂಟು.

```
ಸ್ಥಾನ:  0  1  2  3  4  5  6  7
ಮೌಲ್ಯ:  4  6  5  2  3  1  2  2
```

ಈ ಮೌಲ್ಯಗಳ ಮೊತ್ತ 25, 1ರಿಂದ 7ರವರೆಗಿನ ಮೊತ್ತ 28. ವ್ಯತ್ಯಾಸವು -3 ಆಗುವುದರಿಂದ ಮೊತ್ತದ ಉಪಾಯ ಇಲ್ಲಿಯೇ ಬಿದ್ದುಹೋಗುತ್ತದೆ.

ಚಕ್ರದ ವಿಧಾನದ ತಿರುಳು ಇರುವುದು ಸರಣಿಯನ್ನು ಓದುವ ಬಗೆಯಲ್ಲಿ. ಪ್ರತಿಯೊಂದು ಮೌಲ್ಯವೂ 1ರಿಂದ nರೊಳಗಿನ ಸಂಖ್ಯೆಯಾಗಿರುವುದರಿಂದ ಅದನ್ನು ಬರಿಯ ಮೌಲ್ಯವೆಂದು ನೋಡುವುದರ ಜೊತೆಗೆ ಅದೇ ಸರಣಿಯ ಮತ್ತೊಂದು ಸ್ಥಾನದ ವಿಳಾಸವೆಂದೂ ಓದಬಹುದು. 0ನೆಯ ಸ್ಥಾನದಲ್ಲಿ 4 ಇದೆ ಎಂಬುದನ್ನು 0ಯಿಂದ 4ಕ್ಕೆ ಹೋಗುವ ಬಾಣವೆಂದೂ, 4ನೆಯ ಸ್ಥಾನದಲ್ಲಿ 3 ಇದೆ ಎಂಬುದನ್ನು 4ರಿಂದ 3ಕ್ಕೆ ಹೋಗುವ ಬಾಣವೆಂದೂ ಗ್ರಹಿಸಿದರೆ, ಇಡೀ ಸರಣಿಯು ಬಾಣಗಳ ಜಾಲವಾಗಿ ಕಾಣತೊಡಗುತ್ತದೆ. ಈ ಜಾಲದಲ್ಲಿ ಪ್ರತಿಯೊಂದು ಸ್ಥಾನದಿಂದಲೂ ಹೊರಡುವ ಬಾಣ ಒಂದೇ ಒಂದು. ಆದರೆ ಒಂದು ಸ್ಥಾನವನ್ನು ಬಂದು ಮುಟ್ಟುವ ಬಾಣಗಳು ಎಷ್ಟು ಬೇಕಾದರೂ ಇರಬಹುದು. ಒಂದು ಸ್ಥಾನವನ್ನು ಎರಡು ಬಾಣಗಳು ಮುಟ್ಟುತ್ತವೆ ಎಂದರೆ, ಎರಡು ಬೇರೆ ಬೇರೆ ಸ್ಥಾನಗಳಲ್ಲಿ ಅದೇ ಮೌಲ್ಯ ಇದೆ ಎಂದೇ ಅರ್ಥ. ಹೀಗಾಗಿ ಮರುಕಳಿಸಿದ ಸಂಖ್ಯೆಯನ್ನು ಹುಡುಕುವ ಕೆಲಸವು ಎರಡು ಬಾಣಗಳು ಬಂದು ಸೇರುವ ಸ್ಥಾನವನ್ನು ಹುಡುಕುವ ಕೆಲಸವಾಗಿ ಮಾರ್ಪಡುತ್ತದೆ.

0ಯಿಂದ ಹೊರಟು ಬಾಣಗಳನ್ನು ಹಿಂಬಾಲಿಸಿದರೆ ದಾರಿ ಹೀಗೆ ಸಾಗುತ್ತದೆ.

```
0 → 4 → 3 → 2 → 5 → 1 → 6 → 2 → 5 → 1 → 6 → ...
```

ಸ್ಥಾನಗಳ ಸಂಖ್ಯೆ ಸೀಮಿತವಾಗಿರುವಾಗ ಮುಂದೆ ಮುಂದೆ ನಡೆಯುತ್ತಲೇ ಇರುವ ಯಾವ ದಾರಿಯೂ ಎಂದಾದರೊಮ್ಮೆ ಹಿಂದೆ ತುಳಿದ ಸ್ಥಾನವನ್ನೇ ಮತ್ತೆ ತುಳಿಯಬೇಕಾಗುತ್ತದೆ, ಮತ್ತು ಹೊರಡುವ ಬಾಣ ಒಂದೇ ಆದುದರಿಂದ ಅಲ್ಲಿಂದ ಮುಂದೆ ಅದೇ ಸುತ್ತು ಮತ್ತೆ ಮತ್ತೆ ನಡೆಯುತ್ತದೆ. ಈ ಉದಾಹರಣೆಯಲ್ಲಿ 2, 5, 1, 6 ಎಂಬ ನಾಲ್ಕು ಸ್ಥಾನಗಳು ಚಕ್ರವಾಗುತ್ತವೆ. ಅದಕ್ಕೆ ಮುಂಚಿನ 0, 4, 3 ಎಂಬ ಮೂರು ಸ್ಥಾನಗಳು ಚಕ್ರಕ್ಕೆ ಅಂಟಿದ ಬಾಲವಾಗುತ್ತವೆ. ಬಾಲವು ಚಕ್ರವನ್ನು ಸೇರುವ 2ನೆಯ ಸ್ಥಾನವನ್ನು ಪ್ರವೇಶಸ್ಥಾನ ಎನ್ನಬಹುದು. ಅದನ್ನು ಬಾಲದ ಕೊನೆಯಲ್ಲಿರುವ 3ರಿಂದ ಬಂದ ಬಾಣವೊಂದು ಮುಟ್ಟುತ್ತದೆ, ಚಕ್ರದ ಕೊನೆಯಲ್ಲಿರುವ 6ರಿಂದ ಬಂದ ಬಾಣ ಮತ್ತೊಂದು ಮುಟ್ಟುತ್ತದೆ. ಆದುದರಿಂದ ಪ್ರವೇಶಸ್ಥಾನದ ಸಂಖ್ಯೆಯೇ ಮರುಕಳಿಸಿದ ಸಂಖ್ಯೆ. 7ನೆಯ ಸ್ಥಾನದಿಂದಲೂ 2ಕ್ಕೆ ಒಂದು ಬಾಣವಿದೆ, ಆದರೆ 7 ಎಂಬ ಮೌಲ್ಯ ಸರಣಿಯಲ್ಲೇ ಇಲ್ಲದಿರುವುದರಿಂದ ಆ ಸ್ಥಾನ ಈ ದಾರಿಯಲ್ಲಿ ಎಂದಿಗೂ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡುವಂತಿಲ್ಲ. ಬಾಲವೇ ಇಲ್ಲದೆ, ಹೊರಟ ಸ್ಥಾನವೇ ಚಕ್ರದೊಳಗಿದ್ದಿದ್ದರೆ, ಪ್ರವೇಶಸ್ಥಾನಕ್ಕೆ ಹೊರಗಿನಿಂದ ಬರುವ ಬಾಣ ಇರುತ್ತಿರಲಿಲ್ಲ ಮತ್ತು ಇಡೀ ವಾದವೇ ಕುಸಿಯುತ್ತಿತ್ತು. ಆ ಅಪಾಯವನ್ನು ತಪ್ಪಿಸುವುದು ಸಮಸ್ಯೆಯ ನಿಬಂಧನೆಯೇ: ಮೌಲ್ಯಗಳೆಲ್ಲ 1ರಿಂದ ಆರಂಭವಾಗುವುದರಿಂದ 0 ಎಂಬ ಮೌಲ್ಯ ಎಲ್ಲಿಯೂ ಇಲ್ಲ, ಆದುದರಿಂದ 0ನೆಯ ಸ್ಥಾನವನ್ನು ಯಾವ ಬಾಣವೂ ಮುಟ್ಟುವುದಿಲ್ಲ. ಯಾವ ಬಾಣವೂ ಮುಟ್ಟದ ಸ್ಥಾನ ಚಕ್ರದ ಭಾಗವಾಗಲಾರದು. 0ಯಿಂದಲೇ ಹೊರಡಬೇಕೆಂಬ ನಿಯಮವು ರೂಢಿಯಿಂದ ಬಂದುದಲ್ಲ. ವಿಧಾನದ ಸತ್ಯತೆ ನಿಂತಿರುವುದೇ ಅದರ ಮೇಲೆ.

ಉಳಿದ ಪ್ರಶ್ನೆಯೆಂದರೆ, ತುಳಿದ ಸ್ಥಾನಗಳನ್ನು ಎಲ್ಲಿಯೂ ಬರೆದಿಟ್ಟುಕೊಳ್ಳದೆ ಪ್ರವೇಶಸ್ಥಾನವನ್ನು ಗುರುತಿಸುವುದು ಹೇಗೆ ಎಂಬುದು. ಆಮೆ ಮತ್ತು ಮೊಲದ ವಿಧಾನವೆಂದು ಹೆಸರಾದ ಕ್ರಮವು ಇದಕ್ಕೆ ಉತ್ತರ ಕೊಡುತ್ತದೆ. 1978ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಅಮೆರಿಕದ ಗಣಕವಿಜ್ಞಾನಿ ರಾಬರ್ಟ್ ಫ್ಲಾಯ್ಡ್ ಅವರ ಹೆಸರಿನಲ್ಲಿ ಇದು ಪ್ರಚಾರದಲ್ಲಿದ್ದರೂ, ಆ ಶ್ರೇಯವನ್ನು ಅವರಿಗೆ ಸಲ್ಲಿಸಿದವರು ಡೊನಾಲ್ಡ್ ಕ್ನೂತ್. 1969ರಲ್ಲಿ ಹೊರಬಂದ ತಮ್ಮ ಬೃಹತ್ ಗ್ರಂಥಮಾಲೆಯ ಎರಡನೆಯ ಸಂಪುಟದಲ್ಲಿ, ಯಾದೃಚ್ಛಿಕ ಸಂಖ್ಯೆಗಳ ಸರಣಿಗಳು ಯಾವಾಗ ತಮ್ಮನ್ನು ತಾವೇ ಪುನರಾವರ್ತಿಸತೊಡಗುತ್ತವೆ ಎಂಬ ಚರ್ಚೆಯ ನಡುವೆ, ಅವರು ಇದನ್ನು ಫ್ಲಾಯ್ಡ್ ಅವರದೆಂದು ದಾಖಲಿಸಿದ್ದಾರೆ. 1975ರಲ್ಲಿ ಜಾನ್ ಪೊಲಾರ್ಡ್ ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಕಂಡುಹಿಡಿಯಲು ರೂಪಿಸಿದ ವಿಧಾನವೂ ಇದೇ ಓಟವನ್ನು ಆಧರಿಸಿತ್ತು.

ವಿಧಾನದಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಎರಡು ಗುರುತುಗಳು 0ಯಿಂದ ಹೊರಡುತ್ತವೆ. ಪ್ರತಿ ಸರದಿಯಲ್ಲಿ ಆಮೆಯು ಒಂದು ಬಾಣದಷ್ಟು, ಮೊಲವು ಎರಡು ಬಾಣಗಳಷ್ಟು ಮುಂದೆ ಸಾಗುತ್ತದೆ, ಮತ್ತು ಎರಡೂ ಒಂದೇ ಸ್ಥಾನದಲ್ಲಿ ಕೂಡುವವರೆಗೆ ಓಟ ನಡೆಯುತ್ತದೆ. ಎರಡನೆಯ ಹಂತದಲ್ಲಿ ಆಮೆಯನ್ನು ಮತ್ತೆ 0ಗೆ ತಂದು, ಮೊಲವನ್ನು ಕೂಡಿದ ಜಾಗದಲ್ಲಿಯೇ ಬಿಟ್ಟು, ಈ ಬಾರಿ ಎರಡನ್ನೂ ಒಂದೊಂದೇ ಬಾಣದಷ್ಟು ಮುನ್ನಡೆಸಲಾಗುತ್ತದೆ. ಅವು ಮತ್ತೆ ಕೂಡುವ ಸ್ಥಾನವೇ ಉತ್ತರ.

```
ಸರದಿ        0  1  2  3  4
ಆಮೆ         0  4  3  2  5
ಮೊಲ         0  3  5  6  5

ಎರಡನೆಯ ಹಂತ
ಆಮೆ         0  4  3  2
ಮೊಲ         5  1  6  2
```

ಮೊದಲ ಹಂತದಲ್ಲಿ ನಾಲ್ಕನೆಯ ಸರದಿಯ ನಂತರ ಎರಡೂ ಗುರುತುಗಳು 5ರಲ್ಲಿ ಕೂಡಿವೆ. ವಿಧಾನವನ್ನು ಹೊಸದಾಗಿ ಕಲಿಯುವವರು ಬಹುಮಟ್ಟಿಗೆ ಎಡವುವುದು ಇಲ್ಲಿಯೇ: ಕೂಡಿದ ಜಾಗವೇ ಉತ್ತರವೆಂದು ಭಾವಿಸಿ 5 ಎಂದು ಹೇಳಿಬಿಟ್ಟರೆ ತಪ್ಪಾಗುತ್ತದೆ, ಏಕೆಂದರೆ 5 ಈ ಸರಣಿಯಲ್ಲಿ ಒಂದೇ ಬಾರಿ ಬಂದಿದೆ. ಮೊದಲ ಕೂಟವು ಚಕ್ರದೊಳಗಿನ ಯಾವುದೋ ಒಂದು ಸ್ಥಾನ ಮಾತ್ರ. ಎರಡನೆಯ ಹಂತದಲ್ಲಿ ಮೂರು ಹೆಜ್ಜೆಗಳ ನಂತರ ಎರಡೂ 2ರಲ್ಲಿ ಕೂಡುತ್ತವೆ, ಮತ್ತು ಆ ಮೂರು ಎಂಬುದು ಬಾಲದ ಉದ್ದವೇ ಆಗಿರುವುದು ಆಕಸ್ಮಿಕವಲ್ಲ.

ಇದು ಏಕೆ ಹೀಗೆ ಆಗಲೇಬೇಕೆಂಬುದನ್ನು ತಿಳಿಯಲು ಬಾಲದ ಉದ್ದವನ್ನು m, ಚಕ್ರದ ಉದ್ದವನ್ನು c ಎಂದು ಕರೆಯೋಣ; ಉದಾಹರಣೆಯಲ್ಲಿ m = 3, c = 4. ಆಮೆಯು ಚಕ್ರದೊಳಗೆ ಕಾಲಿಡುವ ಹೊತ್ತಿಗೆ ಮೊಲವು ಆಗಲೇ ಚಕ್ರದೊಳಗಿರುತ್ತದೆ, ಮತ್ತು ಅಲ್ಲಿಂದ ಮುಂದೆ ಪ್ರತಿ ಸರದಿಯಲ್ಲಿ ಮೊಲವು ಆಮೆಗಿಂತ ಒಂದು ಹೆಜ್ಜೆ ಹೆಚ್ಚು ನಡೆಯುವುದರಿಂದ, ಹಿಂದಿನಿಂದ ಬರುವ ಮೊಲಕ್ಕೂ ಮುಂದಿರುವ ಆಮೆಗೂ ನಡುವಿನ ಅಂತರ ಸರದಿಗೆ ಸರಿಯಾಗಿ ಒಂದರಂತೆ ಕಡಿಮೆಯಾಗುತ್ತದೆ. ಅಂತರ ಒಂದೊಂದಾಗಿಯೇ ಇಳಿಯುವಾಗ ಮೊಲವು ಆಮೆಯನ್ನು ದಾಟಿ ಹಾರಿಹೋಗುವ ಸಾಧ್ಯತೆಯಿಲ್ಲ. ಅದು ಶೂನ್ಯಕ್ಕೆ ಬಂದೇ ತೀರುತ್ತದೆ, ಅದೂ ಚಕ್ರದ ಒಂದು ಸುತ್ತಿನೊಳಗೇ. ಕೂಡುವ ಹೊತ್ತಿಗೆ ಆಮೆ k ಹೆಜ್ಜೆ ನಡೆದಿದ್ದರೆ ಮೊಲ 2k ಹೆಜ್ಜೆ ನಡೆದಿರುತ್ತದೆ. ಇಬ್ಬರೂ ಚಕ್ರದ ಒಂದೇ ಸ್ಥಾನದಲ್ಲಿರುವುದರಿಂದ ಮೊಲ ಹೆಚ್ಚಾಗಿ ನಡೆದ ಆ k ಹೆಜ್ಜೆಗಳು ಪೂರ್ಣ ಸುತ್ತುಗಳಾಗಿರಬೇಕು, ಅಂದರೆ k ಎಂಬುದು cಯ ಗುಣಕವಾಗಿರಬೇಕು. ಉದಾಹರಣೆಯಲ್ಲಿ k = 4, ಅದು ಚಕ್ರದ ಒಂದು ಪೂರ್ಣ ಸುತ್ತು.

ಈಗ ಎರಡನೆಯ ಹಂತವನ್ನು ನೋಡಿದರೆ, 0ಯಿಂದ m ಹೆಜ್ಜೆ ನಡೆದ ಆಮೆ ಪ್ರವೇಶಸ್ಥಾನವನ್ನು ತಲುಪಿರುತ್ತದೆ. ಅದೇ ಅವಧಿಯಲ್ಲಿ ಮತ್ತೆ m ಹೆಜ್ಜೆ ನಡೆದ ಮೊಲ ಇರುವ ಜಾಗವು, 0ಯಿಂದ ಹೊರಟು ಒಟ್ಟು m + k ಹೆಜ್ಜೆ ನಡೆದವರು ಇರಬೇಕಾದ ಜಾಗವೇ ಆಗಿದೆ. ಅದರಲ್ಲಿ ಮೊದಲ m ಹೆಜ್ಜೆಗಳು ಪ್ರವೇಶಸ್ಥಾನಕ್ಕೆ ಕರೆತರುತ್ತವೆ, ಉಳಿದ k ಹೆಜ್ಜೆಗಳು ಪೂರ್ಣ ಸುತ್ತುಗಳಾಗಿ ಮತ್ತೆ ಅಲ್ಲಿಗೇ ತಂದು ಬಿಡುತ್ತವೆ. ಹೀಗೆ ಇಬ್ಬರೂ m ಹೆಜ್ಜೆಗಳ ನಂತರ ಪ್ರವೇಶಸ್ಥಾನದಲ್ಲಿಯೇ ಇರುತ್ತಾರೆ. ಅದಕ್ಕೆ ಮುಂಚೆ ಅವರು ಕೂಡುವಂತಿಲ್ಲ, ಏಕೆಂದರೆ ಅಲ್ಲಿಯವರೆಗೆ ಆಮೆಯು ಬಾಲದಲ್ಲಿಯೂ ಮೊಲವು ಚಕ್ರದಲ್ಲಿಯೂ ಇರುತ್ತದೆ. ಬಾಲವೂ ಚಕ್ರವೂ ಎಷ್ಟು ಉದ್ದವೆಂಬುದನ್ನು ಎಲ್ಲಿಯೂ ಅಳೆಯದೆ, ಆ ಉದ್ದಗಳ ಸಂಬಂಧದಿಂದಲೇ ಉತ್ತರ ಹೊರಬೀಳುವುದು ಈ ವಿಧಾನದ ನಿಜವಾದ ಚೆಲುವು, ಮತ್ತು ಇಷ್ಟನ್ನು ಮನಗಂಡವರಿಗೆ ಪ್ರೋಗ್ರಾಮನ್ನು ಕಂಠಪಾಠ ಮಾಡುವ ಅಗತ್ಯ ಉಳಿಯುವುದಿಲ್ಲ.

ಪೈಥಾನ್ ಭಾಷೆಯಲ್ಲಿ ಇದನ್ನು ಹೀಗೆ ಬರೆಯಬಹುದು. `slow` ಎಂಬುದು ಆಮೆ, `fast` ಎಂಬುದು ಮೊಲ.

```python
def find_duplicate(a):
    slow = a[0]
    fast = a[a[0]]
    while slow != fast:
        slow = a[slow]
        fast = a[a[fast]]
    slow = 0
    while slow != fast:
        slow = a[slow]
        fast = a[fast]
    return slow
```

ಮೊದಲ ಎರಡು ಸಾಲುಗಳು ಎರಡೂ ಗುರುತುಗಳನ್ನು 0ಯಲ್ಲಿ ನಿಲ್ಲಿಸದೆ, 0ಯಿಂದ ಒಂದು ಸರದಿ ಮುಂದಕ್ಕೆ ನಡೆಸಿಯೇ ಆರಂಭಿಸುತ್ತವೆ. ಎರಡಕ್ಕೂ 0 ಎಂದೇ ಕೊಟ್ಟಿದ್ದರೆ ಅವು ಆರಂಭದಲ್ಲಿಯೇ ಸಮವಾಗಿದ್ದು `while` ಒಮ್ಮೆಯೂ ನಡೆಯದೆ ಹೋಗುತ್ತಿತ್ತು, ಮತ್ತು ಉತ್ತರವಾಗಿ 0 ಬರುತ್ತಿತ್ತು. ಇದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ತಪ್ಪೊಂದು ಎರಡನೆಯ ಹಂತದ ಆರಂಭದಲ್ಲಿದೆ. ಅಲ್ಲಿ `slow = 0` ಎನ್ನುವ ಬದಲು `slow = a[0]` ಎಂದು ಬರೆದರೆ ಆಮೆ ಒಂದು ಹೆಜ್ಜೆ ಮುಂದಿರುತ್ತದೆ. ಮೇಲಿನ ಸರಣಿಯಲ್ಲಿ ಆಗ ಆಮೆ 4ರಿಂದಲೂ ಮೊಲ 5ರಿಂದಲೂ ಹೊರಟು, ಆಮೆ 3, 2, 5, 1, 6 ಎಂದೂ ಮೊಲ 1, 6, 2, 5, 1 ಎಂದೂ ಸಾಗಿ, ಚಕ್ರದಲ್ಲಿ ಒಂದು ಸ್ಥಾನದ ಅಂತರವನ್ನು ಉಳಿಸಿಕೊಂಡೇ ಕೊನೆಯಿಲ್ಲದೆ ಸುತ್ತುತ್ತವೆ. ಪ್ರೋಗ್ರಾಮು ಉತ್ತರ ಕೊಡದೆ ಎರಡನೆಯ `while`ನಲ್ಲಿ ಸಿಕ್ಕಿಬಿದ್ದರೆ ಮೊದಲು ಪರೀಕ್ಷಿಸಬೇಕಾದ ಸಾಲು ಇದೇ. ಕೆಲವು ಪುಸ್ತಕಗಳಲ್ಲಿ ಎರಡೂ ಗುರುತುಗಳು `a[0]`ಯಿಂದ ಹೊರಟು, ಎರಡನೆಯ ಹಂತದಲ್ಲಿಯೂ ಆಮೆ `a[0]`ಗೇ ಮರಳುವ ರೂಪ ಕಾಣಸಿಗುತ್ತದೆ, ಅದು ಸರಿಯಾದುದೇ. ಹೊರಟ ಜಾಗಕ್ಕೇ ಮರಳಬೇಕೆಂಬುದು ಮುಖ್ಯ, ಎರಡು ರೂಪಗಳನ್ನು ಬೆರೆಸಿದಾಗ ಮಾತ್ರ ಕೆಡುತ್ತದೆ.

ಕೆಲಸದ ಪ್ರಮಾಣವನ್ನು ಅಂದಾಜು ಮಾಡುವುದೂ ಕಷ್ಟವಲ್ಲ. ಮೊದಲ ಹಂತದ ಸರದಿಗಳು m + cಯನ್ನು ಮೀರುವುದಿಲ್ಲ, ಪ್ರತಿ ಸರದಿಯಲ್ಲಿ ಸರಣಿಯನ್ನು ಮೂರು ಬಾರಿ ಓದಬೇಕು. ಎರಡನೆಯ ಹಂತದ m ಹೆಜ್ಜೆಗಳಲ್ಲಿ ಎರಡೆರಡು ಬಾರಿ ಓದಬೇಕು. ಬಾಲ ಮತ್ತು ಚಕ್ರ ಸೇರಿ n + 1 ಸ್ಥಾನಗಳನ್ನು ಮೀರಲಾರವಾದುದರಿಂದ ಒಟ್ಟು ಓದುಗಳು 5(n + 1)ರೊಳಗೇ ಇರುತ್ತವೆ. ಮೌಲ್ಯಗಳು ಒಂದಕ್ಕೊಂದು ಸಂಬಂಧವಿಲ್ಲದೆ ಯಾದೃಚ್ಛಿಕವಾಗಿ ಬಂದಿದ್ದರಂತೂ ದಾರಿ ಬಹಳ ಬೇಗ ತನ್ನನ್ನೇ ಸೇರಿಕೊಳ್ಳುತ್ತದೆ: ಬಾಲ ಮತ್ತು ಚಕ್ರಗಳ ಒಟ್ಟು ಉದ್ದವು ಸರಾಸರಿಯಲ್ಲಿ πn/2ರ ವರ್ಗಮೂಲದ ಆಸುಪಾಸಿನಲ್ಲಿರುತ್ತದೆ, ಆದುದರಿಂದ n ಒಂದು ಕೋಟಿಯಾಗಿದ್ದರೂ ಸುಮಾರು 4 ಸಾವಿರ ಸ್ಥಾನಗಳನ್ನು ತುಳಿಯುವಷ್ಟರಲ್ಲಿ ಚಕ್ರ ಮುಚ್ಚಿಕೊಳ್ಳುತ್ತದೆ. ಒಂದೇ ಒಂದು ಸಂಖ್ಯೆ ಮರುಕಳಿಸಿ ಉಳಿದವೆಲ್ಲ ಒಂದೊಂದು ಬಾರಿ ಇರುವ ಸರಣಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ದಾರಿಯು ಸರಣಿಯ ದೊಡ್ಡ ಭಾಗವನ್ನೇ ಆವರಿಸಬಹುದು.

ದೊಡ್ಡ ಸರಣಿಗಳಲ್ಲಿ ಓದುಗಳ ಸಂಖ್ಯೆಯಷ್ಟೇ ಅವುಗಳ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಬಾಣಗಳು ಸರಣಿಯ ಒಂದು ತುದಿಯಿಂದ ಮತ್ತೊಂದು ತುದಿಗೆ ಜಿಗಿಯುವುದರಿಂದ, ಪ್ರೊಸೆಸರಿನ ಬಳಿಯಿರುವ ಕ್ಯಾಶ್ ಎಂಬ ವೇಗದ ಸಣ್ಣ ಸ್ಮೃತಿಯ ನೆರವು ಈ ವಿಧಾನಕ್ಕೆ ಅಷ್ಟಾಗಿ ಸಿಗುವುದಿಲ್ಲ. ಪ್ರತಿ ಸಂಖ್ಯೆಗೆ ಒಂದೊಂದು ಬಿಟ್ ಮೀಸಲಿಟ್ಟು ಗುರುತು ಹಾಕುವ ಮಾರ್ಗಕ್ಕೆ n ಒಂದು ಕೋಟಿಯಿದ್ದಾಗ ಬೇಕಾಗುವುದು 12.5 ಲಕ್ಷ ಬೈಟ್‌ಗಳಷ್ಟೇ. ಪ್ರತಿ ಸಂಖ್ಯೆಗೆ ನಾಲ್ಕು ಬೈಟ್ ಎಂದು ಹಿಡಿದರೆ ಸರಣಿಯೇ 4 ಕೋಟಿ ಬೈಟ್ ಆಕ್ರಮಿಸಿಕೊಂಡಿರುವಾಗ ಇದು ಭಾರವೇನಲ್ಲ. ಆದುದರಿಂದ ಸ್ಮೃತಿಗೆ ಕೊರತೆಯಿಲ್ಲದ ಯಂತ್ರದಲ್ಲಿ ಬಿಟ್‌ಗಳ ಮಾರ್ಗವನ್ನು ಹಿಡಿಯುವುದೇ ವಿವೇಕ. ಸರಣಿಯನ್ನು ಮುಟ್ಟಲು ಅನುಮತಿಯಿಲ್ಲದೆ, ಹೆಚ್ಚುವರಿ ಸ್ಮೃತಿಯೂ nನೊಂದಿಗೆ ಬೆಳೆಯಬಾರದೆಂಬ ಕಟ್ಟುಪಾಡು ಇರುವ ಕಡೆ ಚಕ್ರದ ವಿಧಾನಕ್ಕೆ ತನ್ನ ಸರಿಯಾದ ಜಾಗ ದೊರೆಯುತ್ತದೆ.

ಈ ವಿಧಾನದಿಂದ ಸಿಗದಿರುವುದೇನೆಂಬುದನ್ನೂ ತಿಳಿದಿರಬೇಕು. ಒಂದಕ್ಕಿಂತ ಹೆಚ್ಚು ಸಂಖ್ಯೆಗಳು ಮರುಕಳಿಸಿದ್ದರೆ, 0ಯಿಂದ ಹೊರಟ ದಾರಿ ಮುಟ್ಟುವ ಚಕ್ರದ ಪ್ರವೇಶಸ್ಥಾನವೊಂದೇ ಉತ್ತರವಾಗಿ ಬರುತ್ತದೆ, ಉಳಿದವು ಕಾಣುವುದಿಲ್ಲ. `[1, 1, 3, 3]` ಎಂಬ ಸರಣಿಯಲ್ಲಿ ದಾರಿ 0ಯಿಂದ 1ಕ್ಕೆ ಹೋಗಿ ಅಲ್ಲಿಯೇ ಸುತ್ತುವುದರಿಂದ ಉತ್ತರ 1. ಅದೇ ಸಂಖ್ಯೆಗಳನ್ನು `[3, 1, 1, 3]` ಎಂದು ಜೋಡಿಸಿದರೆ ದಾರಿ 0ಯಿಂದ 3ಕ್ಕೆ ಹೋಗಿ ಅಲ್ಲಿ ಸುತ್ತುವುದರಿಂದ ಉತ್ತರ 3. ಎರಡೂ ನಿಜವಾದ ಉತ್ತರಗಳೇ, ಆದರೆ ಯಾವುದು ಬರುವುದೆಂಬುದನ್ನು ಜೋಡಣೆ ನಿರ್ಧರಿಸುತ್ತದೆ. ಸಂಖ್ಯೆ ಎಷ್ಟು ಬಾರಿ ಬಂದಿದೆ, ಯಾವ ಸಂಖ್ಯೆ ಇಲ್ಲವಾಗಿದೆ ಎಂಬ ಪ್ರಶ್ನೆಗಳಿಗೂ ಇದರಲ್ಲಿ ಉತ್ತರವಿಲ್ಲ.

ಮೌಲ್ಯಗಳ ವ್ಯಾಪ್ತಿ ಬದಲಾದರೆ ಹೊರಡುವ ಸ್ಥಾನವೂ ಬದಲಾಗಬೇಕು. n + 1 ಮೌಲ್ಯಗಳು 0ಯಿಂದ n - 1ರವರೆಗಿನ ವ್ಯಾಪ್ತಿಯಲ್ಲಿದ್ದರೆ 0ನೆಯ ಸ್ಥಾನವನ್ನೂ ಬಾಣಗಳು ಮುಟ್ಟಬಲ್ಲವು. `[0, 1, 1]` ಎಂಬ ಸರಣಿಗೆ ಮೇಲಿನ ಪ್ರೋಗ್ರಾಮು 0 ಎಂಬ ತಪ್ಪು ಉತ್ತರ ಕೊಡುತ್ತದೆ, ಏಕೆಂದರೆ 0 ತನ್ನನ್ನು ತಾನೇ ಸೂಚಿಸುವ ಒಂಟಿ ಚಕ್ರವಾಗಿ ದಾರಿಯನ್ನು ಅಲ್ಲಿಯೇ ಹಿಡಿದಿಡುತ್ತದೆ. ಇಂಥ ಸರಣಿಯಲ್ಲಿ n ಎಂಬ ಮೌಲ್ಯ ಇಲ್ಲದಿರುವುದರಿಂದ ಯಾವ ಬಾಣವೂ ಮುಟ್ಟದ ಸ್ಥಾನವೆಂದರೆ ಕೊನೆಯದು. ಎರಡೂ ಹಂತಗಳನ್ನು ಅಲ್ಲಿಂದ ಆರಂಭಿಸಿದರೆ ದಾರಿಯು 2ರಿಂದ 1ಕ್ಕೆ ಹೋಗಿ ಅಲ್ಲಿ ಸುತ್ತಿ, 1 ಎಂಬ ಸರಿಯಾದ ಉತ್ತರ ದೊರೆಯುತ್ತದೆ. nಗಿಂತ ದೊಡ್ಡ ಮೌಲ್ಯ ನುಸುಳಿದ್ದು ದಾರಿಯಲ್ಲಿ ಎದುರಾದರೆ ಪೈಥಾನ್ `IndexError` ಎಂದು ನಿಲ್ಲಿಸುತ್ತದೆ, ಆದರೆ -1ರಿಂದ -(n + 1)ರವರೆಗಿನ ಋಣ ಸಂಖ್ಯೆ ನುಸುಳಿದರೆ ಅದನ್ನು ಸರಣಿಯ ಕೊನೆಯಿಂದ ಎಣಿಸಬೇಕಾದ ಸ್ಥಾನವೆಂದು ಓದಿ, ಯಾವ ಸೂಚನೆಯನ್ನೂ ಕೊಡದೆ ಮುಂದುವರಿಯುತ್ತದೆ. ಸರಣಿಯು ಬೇರೆಯವರಿಂದ ಬಂದುದಾಗಿದ್ದು ನಿಬಂಧನೆಗಳ ಬಗ್ಗೆ ಭರವಸೆ ಇಲ್ಲದಿದ್ದರೆ, ಕೊನೆಯಲ್ಲಿ `a.count(x) >= 2` ಎಂಬ ಒಂದು ಪರೀಕ್ಷೆಯನ್ನು ಸೇರಿಸುವುದು ಲೇಸು. ಇಲ್ಲಿ `x` ಎಂಬುದು ದೊರೆತ ಉತ್ತರ. ಇದಕ್ಕೆ ಬೇಕಾಗುವುದು ಸರಣಿಯ ಇನ್ನೊಂದು ನೇರ ಓದು ಮಾತ್ರ, ಹೆಚ್ಚುವರಿ ಸ್ಮೃತಿ ಬೇಕಿಲ್ಲ, ಮತ್ತು ಪರೀಕ್ಷೆ ಸೋತರೆ ವ್ಯಾಪ್ತಿಯ ನಿಬಂಧನೆಯನ್ನು ಮೀರಿದ ಮೌಲ್ಯ ಸರಣಿಯೊಳಗೆ ಇದೆ, ಇಲ್ಲವೇ ಪ್ರೋಗ್ರಾಮಿನ ಆರಂಭಸ್ಥಾನಗಳಲ್ಲಿ ತಪ್ಪಿದೆ ಎಂದು ತಿಳಿಯುತ್ತದೆ.